ಚೀಟಿ ಹಣದ ನಿಜವಾದ ಲಾಭವೆಷ್ಟು?

ಮಡಿಕೇರಿಯ ಅಂಗಡಿಬೀದಿಯಲ್ಲಾಗಲಿ, ವಿರಾಜಪೇಟೆ ಗೋಣಿಕೊಪ್ಪಲುಗಳ ಪೇಟೆಗಳಲ್ಲಾಗಲಿ, ತಿಂಗಳಿಗೊಂದಾವರ್ತಿ ಹತ್ತಿಪ್ಪತ್ತು ಮಂದಿ ಒಂದೆಡೆ ಕಲೆತು ಚೀಟಿ ಕೂಗುವುದು ನಮ್ಮ ವಾಚಕರಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ನೆರೆಯ ಮಲಯಾಳ ಸೀಮೆಯವರು ಇದನ್ನೇ ಕುರಿ ಎಂದೂ ಚಿಟ್ಟಿ ಎಂದೂ ಕರೆಯುತ್ತಾರೆ. ಕುರಿಯೆಂದರೆ ಅವರ ಮಾತಿನಲ್ಲಿ ಚೀಟಿಯೇ ಹೊರತು ಮೇಯುವ ಪ್ರಾಣಿಯಲ್ಲವೆಂಬುದನ್ನು ಕನ್ನಡಿಗರು ಮರೆಯಬಾರದು. ಆದರೆ ಲೆಕ್ಕವರಿಯದೆ ಚೀಟಿಗೆ ಸೇರಿದವನ ಪಾಡು ಎರಡು ಅರ್ಥಕ್ಕೂ ಒಪ್ಪುವಂತಾಗುವುದುಂಟು. ಕೊಡಗಿನಂಥ ನಾಡಿನಲ್ಲಿ ಈ ಪದ್ಧತಿ ಬೇರೂರಲು ಕಾರಣವನ್ನು ಹುಡುಕಬೇಕಾದುದಿಲ್ಲ. ಇಲ್ಲಿ ಹಣವು ವರ್ಷದಲ್ಲಿ ಒಮ್ಮೆ ಬರುತ್ತದೆ, ವೆಚ್ಚವು ಹನ್ನೆರಡು ತಿಂಗಳೂ ಇರುತ್ತದೆ. ಕಾಫಿಯ ಕೊಯ್ಲು ಮುಗಿದು ಮೆಣಸು ಒಣಗಿ ಮಾರಾಟವಾಗುವ ಹೊತ್ತಿಗೆ ಕೈಯಲ್ಲಿ ದುಡ್ಡು ಓಡಾಡುವುದು. ಮಳೆಗಾಲ ಹಿಡಿದು ಪಾಠಶಾಲೆಗಳು ತೆರೆದು ತೋಟಕ್ಕೆ ಗೊಬ್ಬರ ಬೇಕಾದಾಗ ಪೆಟ್ಟಿಗೆ ಬರಿದಾಗಿರುವುದು. ತೋಟವನ್ನು ನಂಬಿದ ಅಂಗಡಿಯವನಿಗೂ ಇದೇ ಏರಿಳಿತ. ಒಬ್ಬನಿಗೆ ಹಣ ಬೇಕಾದ ತಿಂಗಳು ಇನ್ನೊಬ್ಬನಲ್ಲಿ ಹಣವಿದ್ದರೆ ಅವರಿಬ್ಬರನ್ನೂ ಕೂಡಿಸುವ ಉಪಾಯವೇ ಚೀಟಿ.

ಚೀಟಿಯನ್ನು ಹೊಗಳುವವರು ಅದು ಬ್ಯಾಂಕಿಗಿಂತ ಹೆಚ್ಚು ಲಾಭ ಕೊಡುವುದೆನ್ನುತ್ತಾರೆ. ತೆಗಳುವವರು ಅದು ಮೋಸವೆನ್ನುತ್ತಾರೆ. ಇಬ್ಬರೂ ಸಾಮಾನ್ಯವಾಗಿ ಕಾಗದ ಪೆನ್ಸಿಲು ಹಿಡಿದು ಕುಳಿತವರಲ್ಲ. ನಾವು ಇಂದು ಒಂದು ಚೀಟಿಯನ್ನು ಆರಂಭದಿಂದ ಕೊನೆಯವರೆಗೆ ಲೆಕ್ಕ ಹಾಕಿ ನೋಡಬೇಕೆಂದಿದ್ದೇವೆ. ಅಂಕಿಗಳು ಉದಾಹರಣೆಗಾಗಿ ನಾವು ಕಲ್ಪಿಸಿದವು; ಲೆಕ್ಕದ ರೀತಿ ಮಾತ್ರ ಯಾವ ಹರಾಜು ಚೀಟಿಗಾದರೂ ಅನ್ವಯಿಸುವಂಥದು.

ಇಪ್ಪತ್ತು ಮಂದಿ ಸೇರಿ, ತಲೆಗೆ ತಿಂಗಳಿಗೆ 5,000 ರೂಪಾಯಿಯಂತೆ ಇಪ್ಪತ್ತು ತಿಂಗಳ ಚೀಟಿಯೊಂದನ್ನು ಮೇ ತಿಂಗಳಲ್ಲಿ ಆರಂಭಿಸಿದರೆಂದು ಇಟ್ಟುಕೊಳ್ಳೋಣ. ಪ್ರತಿ ತಿಂಗಳೂ ಕೂಡುವ ಮೊತ್ತ 1,00,000 ರೂಪಾಯಿ. ಇದೇ ಚೀಟಿಯ ಮೊತ್ತ. ಚೀಟಿ ನಡೆಸುವವನನ್ನು ಕಾಯಿದೆಯು ಫೋರ್ಮನ್ ಎಂದು ಕರೆಯುತ್ತದೆ. ಅವನೂ ಒಂದು ಚೀಟಿ ಹಿಡಿದಿರುತ್ತಾನೆ. ಮೊದಲ ತಿಂಗಳ ಒಂದು ಲಕ್ಷವನ್ನು ಹರಾಜಿಲ್ಲದೆ, ಕಾಸೂ ಬಿಡದೆ, ಅವನೇ ತೆಗೆದುಕೊಳ್ಳುವುದು ವಾಡಿಕೆ. ಎರಡನೆಯ ತಿಂಗಳಿನಿಂದ ಹರಾಜು. ಸಾಮಾನ್ಯ ಹರಾಜಿನಲ್ಲಿ ಹೆಚ್ಚು ಕೊಡುವವನಿಗೆ ವಸ್ತು ಸಲ್ಲುತ್ತದೆ. ಇಲ್ಲಿ ಹೆಚ್ಚು ಬಿಟ್ಟುಕೊಡುವವನಿಗೆ ಹಣ ಸಲ್ಲುತ್ತದೆ. “ನನಗೆ ಒಂದು ಲಕ್ಷ ಬೇಡ, ಎಂಬತ್ತು ಸಾವಿರ ಸಾಕು” ಎಂದವನು 20,000 ಬಿಟ್ಟಂತಾಯಿತು. “ನನಗೆ ಎಪ್ಪತ್ತೈದೇ ಸಾಕು” ಎಂದವನು ಅವನನ್ನು ಮೀರಿಸಿದಂತಾಯಿತು. ಹೀಗೆ ಬಿಟ್ಟುಕೊಟ್ಟ ಹಣಕ್ಕೆ ಸೋಡಿ ಎನ್ನೋಣ. ಸೋಡಿಗೆ ಕಾಯಿದೆಯು ಒಂದು ಗರಿಷ್ಠ ಮಿತಿಯನ್ನಿಟ್ಟಿದೆ. ಆ ಮಿತಿಯನ್ನು ಒಬ್ಬರಿಗಿಂತ ಹೆಚ್ಚು ಮಂದಿ ಕೂಗಿದರೆ ಅವರೊಳಗೆ ಯಾರಿಗೆಂಬುದನ್ನು ಹೆಸರು ಬರೆದು ಎತ್ತಿ ತೀರ್ಮಾನಿಸಬೇಕು.

ಸೋಡಿಯಲ್ಲಿ ಮೊದಲು ಫೋರ್ಮನನ ಕಮಿಷನ್ ಕಳೆಯುತ್ತಾರೆ. ನಮ್ಮ ಚೀಟಿಯಲ್ಲಿ ಅದು ನೂರಕ್ಕೆ 5, ಎಂದರೆ ತಿಂಗಳಿಗೆ 5,000 ರೂಪಾಯಿ. ಉಳಿದುದನ್ನು ಇಪ್ಪತ್ತು ಮಂದಿಗೂ ಸಮನಾಗಿ ಹಂಚುತ್ತಾರೆ. ಅದೇ ಎಲ್ಲರೂ ಆಸೆಯಿಂದ ಕಾಯುವ ಡಿವಿಡೆಂಡು. ಅದನ್ನು ಕೈಗೆ ಕೊಡುವುದಿಲ್ಲ, ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಕೆಲವು ಚೀಟಿಗಳಲ್ಲಿ ಮುಂದಿನ ಕಂತಿನಲ್ಲಿ ಮುರಿಯುವುದುಂಟು. ನಮ್ಮ ಲೆಕ್ಕದಲ್ಲಿ ಅದೇ ತಿಂಗಳು ಮುರಿದಂತೆ ಹಿಡಿದಿದ್ದೇವೆ.

ಈಗ ಹರಾಜುಗಳನ್ನು ನೋಡೋಣ. ಆರಂಭದಲ್ಲಿ ಹಣದ ಗರಜು ಹೆಚ್ಚಿದ್ದು ಪೈಪೋಟಿ ಬಿಸಿಯಾಗಿರುತ್ತದೆ. ಕೊನೆಕೊನೆಗೆ ಕೂಗುವವರೇ ಕಡಿಮೆ. ಆದುದರಿಂದ 2ರಿಂದ 5ನೆಯ ತಿಂಗಳವರೆಗೆ ಸೋಡಿ 25,000, 6ರಿಂದ 10ರವರೆಗೆ 20,000, 11ರಿಂದ 15ರವರೆಗೆ 15,000, 16ರಿಂದ 19ರವರೆಗೆ 10,000 ಎಂದಿಟ್ಟುಕೊಳ್ಳೋಣ. ಇಪ್ಪತ್ತನೆಯ ತಿಂಗಳಲ್ಲಿ ಉಳಿದವನು ಒಬ್ಬನೇ. ಅವನು ಕಮಿಷನ್ ಮಾತ್ರ ಬಿಟ್ಟು 95,000 ಪಡೆಯುತ್ತಾನೆ. ನಿಜವಾದ ಚೀಟಿಯಲ್ಲಿ ಸೋಡಿಯು ಇಷ್ಟು ನೇರವಾಗಿ ಮೆಟ್ಟಿಲಿಳಿಯುವುದಿಲ್ಲ. ಮೇ ತಿಂಗಳಲ್ಲಿ ಹೂಡಿದ ಚೀಟಿಗೆ ಹದಿನಾಲ್ಕನೆಯ ತಿಂಗಳು ಮರುವರ್ಷದ ಜೂನ್ ಆಗುತ್ತದೆ. ಆಗ ಕೂಗು ಮತ್ತೆ ಏರಿದರೆ ಆಶ್ಚರ್ಯವಿಲ್ಲ. ಲೆಕ್ಕ ಸುಲಭವಾಗಲೆಂದು ನಾವು ಅದನ್ನು ಬಿಟ್ಟಿದ್ದೇವೆ.

ಮೊದಲ ತಿಂಗಳು ಪ್ರತಿಯೊಬ್ಬನೂ ಪೂರ್ತಿ 5,000 ಕಟ್ಟಿದನು. ಮುಂದಿನ ನಾಲ್ಕು ತಿಂಗಳು ಡಿವಿಡೆಂಡು 1,000, ಕಟ್ಟಿದ್ದು 4,000. ಆಮೇಲೆ ಐದು ತಿಂಗಳು 4,250, ಐದು ತಿಂಗಳು 4,500, ನಾಲ್ಕು ತಿಂಗಳು 4,750, ಕೊನೆಗೆ ಮತ್ತೆ 5,000. ಇವೆಲ್ಲ ಕೂಡಿ ಒಬ್ಬೊಬ್ಬನು ಕಟ್ಟಿದ್ದು 88,750 ರೂಪಾಯಿ. ಡಿವಿಡೆಂಡಿನಿಂದ ಒಬ್ಬನಿಗೆ ಉಳಿದದ್ದು 11,250. ಯಾರು ಯಾವಾಗ ಚೀಟಿ ಎತ್ತಿದರೂ ಈ ಎರಡು ಅಂಕಿಗಳು ಬದಲಾಗುವುದಿಲ್ಲ. ಬದಲಾಗುವುದು ಕೈಗೆ ಬಂದ ಹಣ ಮತ್ತು ಬಂದ ಕಾಲ.

ಇನ್ನು ಕೊನೆಯವನ ಲಾಭವನ್ನು ವಿಚಾರಿಸೋಣ. ಚೀಟಿಗೆ ಜನರನ್ನು ಸೇರಿಸಲು ಬರುವ ಏಜೆಂಟನು ಬಾಯಿತುಂಬ ಹೇಳುವುದು ಆ 11,250ರ ಮಾತನ್ನೇ. ಆದರೆ ಕೊನೆಯವನು 5,000 ಕಮಿಷನ್ ತೆತ್ತಿದ್ದಾನಾದುದರಿಂದ ಅವನಿಗೆ ನಿಜವಾಗಿ ದಕ್ಕಿದ್ದು 6,250. ಇದನ್ನು 88,750ರಿಂದ ಭಾಗಿಸಿ ನೂರಕ್ಕೆ 7 ಎಂದು ಬೇಸರಪಡುವವರೂ ಇದ್ದಾರೆ, ಅದೂ ತಪ್ಪೇ. ಅವನು ಮೊದಲ ದಿನವೇ 88,750 ಕೊಟ್ಟವನಲ್ಲ. ಮೊದಲ ಕಂತು ಹತ್ತೊಂಬತ್ತು ತಿಂಗಳು ಹೊರಗಿತ್ತು, ಎರಡನೆಯದು ಹದಿನೆಂಟು, ಕೊನೆಯದಂತೂ ಕೊಟ್ಟ ದಿನವೇ ಹಿಂದಿರುಗಿತು. ಒಂದೊಂದು ಕಂತನ್ನೂ ಅದು ಹೊರಗಿದ್ದ ತಿಂಗಳುಗಳಿಂದ ಗುಣಿಸಿ ಕೂಡಿಸಿದರೆ 8,19,000 ಬರುತ್ತದೆ. ಎಂದರೆ ಅಷ್ಟು ರೂಪಾಯಿಯನ್ನು ಒಂದು ತಿಂಗಳ ಮಟ್ಟಿಗೆ ಸಾಲ ಕೊಟ್ಟಂತೆ. ಅದಕ್ಕೆ 6,250 ಬಡ್ಡಿಯಾದರೆ ನೂರಕ್ಕೆ ತಿಂಗಳಿಗೆ 76 ಪೈಸೆ, ವರ್ಷಕ್ಕೆ ಸುಮಾರು 9 ರೂಪಾಯಿ. ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಗೆ ಯಾವ ದರವಿದೆಯೋ ಅದರೊಡನೆ ಹೋಲಿಸಬೇಕಾದುದು ಈ ಅಂಕಿಯನ್ನು, 11,250ನ್ನಲ್ಲ.

ಹಾಗಾದರೆ ಎರಡನೆಯ ತಿಂಗಳಲ್ಲಿಯೇ, ಜೂನ್ ಮಳೆಯಲ್ಲಿ, ಚೀಟಿ ಎತ್ತಿದವನಿಗೆ ಬಿದ್ದ ಬಡ್ಡಿಯೆಷ್ಟು? ಅವನ ಕೈಗೆ ಬಂದದ್ದು 75,000. ಅದರಲ್ಲಿ ಮೊದಲ ಎರಡು ಕಂತುಗಳ 9,000 ಅವನದೇ ಹಣ. ನಿಜವಾಗಿ ಅವನಿಗೆ ದೊರೆತ ಸಾಲ 66,000. ಮುಂದಿನ ಹದಿನೆಂಟು ತಿಂಗಳಲ್ಲಿ ಅವನು ತೀರಿಸಬೇಕಾದುದು 79,750. ಸಾಲವು ತಿಂಗಳು ತಿಂಗಳಿಗೂ ಕರಗುತ್ತ ಬರುವುದನ್ನು ಗಮನಿಸಿ ಲೆಕ್ಕ ಮಾಡಿದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾಗುತ್ತದೆ, ವರ್ಷಕ್ಕೆ 24. ಒಡವೆ ಅಡವಿಲ್ಲದೆ, ಅರ್ಜಿ ಹಿಡಿದು ಅಲೆಯದೆ, ಜಾಮೀನಿನ ಮೇಲೆ ಒಂದೇ ದಿನದಲ್ಲಿ ದೊರೆಯುವ ಸಾಲಕ್ಕೆ ಇದು ವಿಪರೀತವೆಂದು ನಾವು ಹೇಳುವುದಿಲ್ಲ. ಕೈಬದಲು ಲೇವಾದೇವಿಯವರು ಇದಕ್ಕಿಂತ ಹೆಚ್ಚು ಕೇಳುವುದನ್ನು ಎಲ್ಲರೂ ಬಲ್ಲರು. ಆದರೆ ಸಹಕಾರ ಸಂಘದಲ್ಲಿ ಬೆಳೆಸಾಲ ದೊರೆಯತಕ್ಕ ಬೆಳೆಗಾರನು ಗೊಬ್ಬರಕ್ಕಾಗಿ ಚೀಟಿ ಕೂಗಿದರೆ ಅವನು ಹಣದ ಬೆಲೆಯನ್ನು ತಿಳಿಯದವನೆಂದೇ ಹೇಳಬೇಕು.

ಮಧ್ಯದವನ ಸ್ಥಿತಿ ಎಲ್ಲಕ್ಕಿಂತ ವಿಚಿತ್ರವಾದುದು. ಹನ್ನೊಂದನೆಯ ತಿಂಗಳಲ್ಲಿ 15,000 ಬಿಟ್ಟು 85,000 ಪಡೆದವನು ತಾನು ಬುದ್ಧಿವಂತನೆಂದೂ, ಆತುರಪಡದೆ ಅಗ್ಗವಾಗಿ ಎತ್ತಿದೆನೆಂದೂ ಭಾವಿಸುತ್ತಾನೆ. ಆ ದಿನದವರೆಗೆ ಅವನು ಕಟ್ಟಿದ್ದು 46,750. ಆದುದರಿಂದ ಅವನಿಗೆ ದೊರೆತ ಪರರ ಹಣ 38,250 ಮಾತ್ರ. ಮುಂದೆ ಒಂಬತ್ತು ಕಂತುಗಳಲ್ಲಿ ಅವನು ಕಟ್ಟಬೇಕಾದುದು 42,000. ಈ ಸಾಲಕ್ಕೂ ತಿಂಗಳಿಗೆ ನೂರಕ್ಕೆ ಸುಮಾರು 1.9 ಬಡ್ಡಿ ಬೀಳುತ್ತದೆ. ಅಷ್ಟೇ ಅಲ್ಲದೆ, ಹತ್ತು ತಿಂಗಳಿನಿಂದ ಅವನು ಕೂಡಿಟ್ಟ ಸ್ವಂತ ಹಣಕ್ಕೆ ಕಾಸಿನ ಬಡ್ಡಿಯೂ ಹುಟ್ಟಲಿಲ್ಲ. ಉಳಿತಾಯಗಾರನ ಲಾಭವೂ ಇಲ್ಲ, ತುರ್ತಿನ ಸಾಲದ ಅನುಕೂಲವೂ ಇಲ್ಲ. ಚೀಟಿಗೆ ಸೇರುವವರಲ್ಲಿ ಹೆಚ್ಚಿನವರು ಇಂಥ ಮಧ್ಯದವರೇ ಎಂಬುದನ್ನು ನೆನಪಿಡಬೇಕು. ಏಕೆಂದರೆ ಇಪ್ಪತ್ತರಲ್ಲಿ ಕೊನೆಯವನು ಒಬ್ಬನೇ ಇರಲು ಸಾಧ್ಯ.

ಈ ಹಣವೆಲ್ಲ ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು? ಹತ್ತೊಂಬತ್ತು ಮಂದಿ ಬಿಟ್ಟುಕೊಟ್ಟ ಸೋಡಿಯ ಒಟ್ಟು ಮೊತ್ತ 3,20,000. ಅದರಲ್ಲಿ 2,25,000 ಡಿವಿಡೆಂಡಾಗಿ ಎಲ್ಲರಿಗೂ ಹಿಂದಿರುಗಿತು. 95,000 ಫೋರ್ಮನನಿಗೆ ಸೇರಿತು. ಎಂದರೆ ಬಿಟ್ಟುಕೊಟ್ಟ ಹತ್ತು ರೂಪಾಯಿಯಲ್ಲಿ ಏಳು ಸದಸ್ಯರೊಳಗೇ ಸುತ್ತಿ ಬರುತ್ತದೆ, ಮೂರು ಹೊರಗೆ ಹೋಗುತ್ತದೆ. ಚೀಟಿಯೊಳಗೆ ಯಾವ ವ್ಯಾಪಾರವೂ ನಡೆಯುವುದಿಲ್ಲ, ಯಾವ ಸರಕೂ ಹುಟ್ಟುವುದಿಲ್ಲ. ಗರಜಿನವನು ಬಿಟ್ಟದ್ದನ್ನೇ ಉಳಿದವರು ಲಾಭವೆನ್ನುತ್ತಾರೆ. 2019ರ ತಿದ್ದುಪಡಿಯಲ್ಲಿ ಕಾಯಿದೆಯು ಡಿವಿಡೆಂಡು ಎಂಬ ಮಾತನ್ನು ತೆಗೆದು ‘ಸೋಡಿಯ ಪಾಲು’ ಎಂಬ ಅರ್ಥದ ಮಾತನ್ನು ಇಟ್ಟಿರುವುದು ಉಚಿತವಾಗಿಯೇ ಇದೆ. ಪೇಟೆಯಲ್ಲಿ ಮಾತ್ರ ಹಳೆಯ ಹೆಸರೇ ನಡೆಯುತ್ತಿದೆ.

ಅದೇ ತಿದ್ದುಪಡಿಯು ಇನ್ನೊಂದು ಕೆಲಸವನ್ನೂ ಮಾಡಿತು. ಫೋರ್ಮನನ ಕಮಿಷನ್ನಿಗೆ ನೂರಕ್ಕೆ 5 ಎಂದಿದ್ದ ಮಿತಿಯನ್ನು 7ಕ್ಕೆ ಏರಿಸಿತು. ಎರಡು ರೂಪಾಯಿಯಲ್ಲವೇ ಎಂದು ತಾತ್ಸಾರ ಮಾಡುವವರು ನಮ್ಮ ಚೀಟಿಯನ್ನೇ ಮತ್ತೊಮ್ಮೆ ನೋಡಲಿ. ಹರಾಜಿನ ಕೂಗು ಹಿಂದಿನಂತೆಯೇ ಇದ್ದು ಕಮಿಷನ್ ಮಾತ್ರ 7,000 ಆದರೆ, ಹದಿನೆಂಟು ತಿಂಗಳು ಡಿವಿಡೆಂಡು ನೂರು ನೂರು ರೂಪಾಯಿ ತಗ್ಗುತ್ತದೆ. ಕೊನೆಯವನು 95,000ದ ಬದಲು 93,000 ಪಡೆಯುತ್ತಾನೆ. ಕಟ್ಟಿದ್ದು 90,550; ಲಾಭ 2,450. ಹಿಂದಿನ ಕ್ರಮದಲ್ಲಿಯೇ ಲೆಕ್ಕ ಮಾಡಿದರೆ ವರ್ಷಕ್ಕೆ ನೂರಕ್ಕೆ ಮೂರೂವರೆ ರೂಪಾಯಿ! ಒಂಬತ್ತು ಮೂರೂವರೆಗೆ ಇಳಿಯಿತು. ಆದುದರಿಂದ ಚೀಟಿಗೆ ಸೇರುವ ಉಳಿತಾಯಗಾರನು ಕೇಳಬೇಕಾದ ಮೊದಲ ಪ್ರಶ್ನೆ ಡಿವಿಡೆಂಡು ಎಷ್ಟೆಂದಲ್ಲ, ಕಮಿಷನ್ ಎಷ್ಟೆಂದು.

ಫೋರ್ಮನನು ಬಿಟ್ಟಿ ಹಣ ತಿನ್ನುತ್ತಾನೆಂದು ನಾವು ಹೇಳಿದಂತೆ ಯಾರೂ ಭಾವಿಸಬಾರದು. ನಾಲ್ವರು ಕಂತು ತಪ್ಪಿಸಿದರೂ ಎತ್ತಿದವನಿಗೆ ಪೂರ್ತಿ ಹಣವನ್ನು ಅವನು ಕೈಯಿಂದ ಕೊಡಬೇಕು. ಬಾಕಿದಾರರ ಬಾಗಿಲು ತಟ್ಟುವ ಕೆಲಸ ಅವನದು. ಮೊದಲ ತಿಂಗಳ ಒಂದು ಲಕ್ಷವು ಬಡ್ಡಿಯಿಲ್ಲದೆ ಅವನ ಕೈಗೆ ಬರುವುದಕ್ಕೆ ಸಮರ್ಥನೆಯೂ ಇದೇ: ಇಂಥ ಬಾಕಿಗಳನ್ನು ತುಂಬಲು ಅವನ ಬಳಿ ಹಣವಿರಬೇಕು. ಆ ಲಕ್ಷದಲ್ಲಿ ಅವನು ನಿವೇಶನ ಕೊಂಡರೆ ಚೀಟಿಯ ಬೆನ್ನೆಲುಬು ಅಲ್ಲಿಯೇ ಮುರಿಯಿತು.

ಇನ್ನು ಭದ್ರತೆಯ ವಿಷಯ. ಲಾಭದ ದರವನ್ನು ಎಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದರೂ ಅಸಲು ಹೋದರೆ ಪ್ರಯೋಜನವಿಲ್ಲವಷ್ಟೆ. ನಮ್ಮ ಚೀಟಿಯು ಹನ್ನೆರಡನೆಯ ತಿಂಗಳ ಹರಾಜಾದ ಮರುದಿನ ನಿಂತುಹೋಯಿತೆಂದು ಊಹಿಸಿಕೊಳ್ಳಿರಿ. ಆಗ ಇನ್ನೂ ಎತ್ತದವರು ಎಂಟು ಮಂದಿ; ಒಬ್ಬೊಬ್ಬನೂ ಕಟ್ಟಿರುವುದು 51,250; ಒಟ್ಟು 4,10,000. ಈ ಹಣ ಈಗ ಎಲ್ಲಿದೆ? ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಯಾವ ಬ್ಯಾಂಕಿನಲ್ಲಿಯೂ ಇಲ್ಲ. ಎತ್ತಿದವರು ಅದನ್ನು ಮದುವೆಗೆ, ಮನೆಗೆ, ವ್ಯಾಪಾರಕ್ಕೆ ಹಾಕಿಯಾಗಿದೆ. ಫೋರ್ಮನನನ್ನು ಬಿಟ್ಟು ಎತ್ತಿದ ಹನ್ನೊಂದು ಮಂದಿ ಮುಂದಿನ ಎಂಟು ತಿಂಗಳಲ್ಲಿ ತಲಾ 37,500 ಕಟ್ಟಬೇಕಾಗಿತ್ತು, ಒಟ್ಟು 4,12,500. ಎರಡು ಮೊತ್ತಗಳೂ ಹೆಚ್ಚುಕಡಮೆ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ಎತ್ತದವನ ಆಸ್ತಿಯೆಂದರೆ ಎತ್ತಿದವನ ಮುಂದಿನ ಕಂತುಗಳೇ. ಅವನು ಕಟ್ಟುವನೇ, ಕಟ್ಟದಿದ್ದರೆ ಅವನ ಜಾಮೀನುದಾರನು ಕಟ್ಟುವನೇ ಎಂಬುದೊಂದರ ಮೇಲೆ ಚೀಟಿಯೆಲ್ಲ ನಿಂತಿದೆ. ತನಗೆ ಹಣ ಬರುವಾಗ ಇಬ್ಬರು ಜಾಮೀನುದಾರರನ್ನು ಕೇಳಿದರೆಂದು ಸಿಡುಕುವ ಸದಸ್ಯನು, ಬೇರೆಯವರಿಂದ ಜಾಮೀನು ಕೇಳದ ಚೀಟಿಯಲ್ಲಿ ತನ್ನ ಗತಿಯೇನೆಂದು ಯೋಚಿಸಬೇಕು. ಎತ್ತಿದವನು ಸಾಕಷ್ಟು ಜಾಮೀನು ಕೊಡಲಾರದಿದ್ದರೆ ಆ ಹಣವನ್ನು ಪ್ರತ್ಯೇಕವಾಗಿ ಬ್ಯಾಂಕಿನಲ್ಲಿ ಇಡಬೇಕೆಂದು ಕಾಯಿದೆ ಹೇಳುತ್ತದೆ.

ನಮ್ಮ ದೇಶದಲ್ಲಿ ಚೀಟಿಗೆ ಕಾನೂನು ಹಾಕುವ ಕೆಲಸವನ್ನು ದೇಶೀಯ ಸಂಸ್ಥಾನಗಳು ಬಹು ಮುಂಚೆಯೇ ಕೈಗೊಂಡವು. ಕೊಚ್ಚಿಯ ಕುರಿ ಕಾಯಿದೆಯು ಕೊಲ್ಲಂ ವರ್ಷ 1107ರದು, ಎಂದರೆ 1931-32ರದು. ಇಂದು ಕೊಡಗಿಗೂ ಅನ್ವಯಿಸುವುದು ಕೇಂದ್ರ ಸರಕಾರದ 1982ರ ಚಿಟ್ ಫಂಡ್ ಕಾಯಿದೆ. ಅದರ ಪ್ರಕಾರ ಚೀಟಿ ಹೂಡುವ ಮೊದಲೇ ಅನುಮತಿ ಪಡೆಯಬೇಕು. ಸದಸ್ಯರೊಡನೆ ಮಾಡಿಕೊಂಡ ಕರಾರನ್ನು ರಿಜಿಸ್ಟ್ರಾರರಲ್ಲಿ ದಾಖಲು ಮಾಡಬೇಕು. ಆರಂಭದ ಪ್ರಮಾಣಪತ್ರ ದೊರೆತ ಮೇಲೆಯೇ ಹರಾಜು. ಕರ್ಣಾಟಕದಲ್ಲಿ ಈ ಕೆಲಸವನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. ಫೋರ್ಮನನು ಒಂದು ತಿಂಗಳ ಚೀಟಿ ಮೊತ್ತದಷ್ಟು ಹಣವನ್ನಾಗಲಿ, ಅದಕ್ಕೆ ತಕ್ಕ ಬೇರೆ ಭದ್ರತೆಯನ್ನಾಗಲಿ ಮುಂಗಡವಾಗಿ ಒಪ್ಪಿಸಬೇಕು. ಈ ಭದ್ರತೆಯಿದೆಯಲ್ಲ ಎಂದು ಕೆಲವರು ನಿಶ್ಚಿಂತರಾಗುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 1,00,000 ರೂಪಾಯಿ. ಎಂಟು ಮಂದಿಯ ಬಾಕಿ 4,10,000. ಕಾಲು ಭಾಗಕ್ಕಷ್ಟೇ ಅದು ಸಾಲುತ್ತದೆ. ಆದರೂ ದಾಖಲಾದ ಚೀಟಿಯ ಸದಸ್ಯನಿಗೆ ತನ್ನ ಹೆಸರಿರುವ ಕರಾರು ಇರುತ್ತದೆ, ತಕರಾರನ್ನು ಕೇಳುವ ರಿಜಿಸ್ಟ್ರಾರರಿರುತ್ತಾರೆ, ಎತ್ತಿ ತಪ್ಪಿಸಿದವನಿಂದ ಉಳಿದ ಕಂತುಗಳನ್ನೆಲ್ಲ ಒಟ್ಟಿಗೆ ವಸೂಲು ಮಾಡುವ ಹಕ್ಕಿರುತ್ತದೆ. ಪರಿಚಯದ ಮೇಲೆ ನಡೆಯುವ ಊರ ಚೀಟಿಯ ಸದಸ್ಯನಿಗೆ ಒಂದು ಚಿಕ್ಕ ನೋಟುಪುಸ್ತಕದ ಹೊರತು ಬೇರೇನೂ ಇರುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ಹೋಗಲಾಡಿಸುವುದು ಅವಶ್ಯ. 2013ರಲ್ಲಿ ಬಂಗಾಳದ ಶಾರದಾ ಸಮೂಹವು ಮುಳುಗಿ ಅಸಂಖ್ಯ ಬಡವರು ಹಣ ಕಳೆದುಕೊಂಡಾಗ ಅನೇಕ ಪತ್ರಿಕೆಗಳು ಅದನ್ನು ಚಿಟ್ ಫಂಡ್ ಎಂದೇ ಬರೆದವು. ಅಲ್ಲಿ ಸದಸ್ಯರ ಹರಾಜೂ ಇರಲಿಲ್ಲ, ಸೋಡಿಯೂ ಇರಲಿಲ್ಲ. ಹೊಸಬರ ಹಣದಿಂದ ಹಳಬರಿಗೆ ಕೊಡುವ ವ್ಯವಹಾರವದು. ಬಹುಮಾನದ ಚೀಟಿಗಳನ್ನೂ ಹಣ ಸುತ್ತಿಸುವ ಯೋಜನೆಗಳನ್ನೂ ನಿಷೇಧಿಸಿದ ಕಾಯಿದೆ 1978ರಷ್ಟು ಹಿಂದೆಯೇ ಬಂದಿದೆ. ಎರಡಕ್ಕೂ ಇರುವ ಭೇದವನ್ನು ಗುರುತಿಸುವುದು ಕಷ್ಟವಲ್ಲ. ಹರಾಜು ಚೀಟಿಯಲ್ಲಿ ಮುಂದಿನ ತಿಂಗಳು ಯಾರು ಎಷ್ಟು ಕೂಗುವರೆಂಬುದು ಫೋರ್ಮನನಿಗೂ ತಿಳಿಯದು. ಆದುದರಿಂದ ಇಂತಿಷ್ಟೇ ಬಡ್ಡಿ ಖಂಡಿತವೆಂದು ಹೇಳುವವನು ನಡೆಸುತ್ತಿರುವುದು, ಹೆಸರೇನೇ ಇರಲಿ, ಚೀಟಿಯಲ್ಲ.

ನಿಜವಾದ ಚೀಟಿಯೂ ಕೆಡುವುದುಂಟು. ಅದರ ಲಕ್ಷಣಗಳು ಸೂಕ್ಷ್ಮ. ಹರಾಜಿಗೆ ಯಾರನ್ನೂ ಕರೆಯದೆ, ಯಾರು ಎಷ್ಟಕ್ಕೆ ಎತ್ತಿದರೆಂದು ಟೆಲಿಫೋನಿನಲ್ಲಿ ತಿಳಿಸುವುದು ಮೊದಲನೆಯದು. ಎತ್ತಿದವನ ಹಣವನ್ನು ‘ಮುಂದಿನ ವಾರ’ ಎಂದು ಎರಡು ತಿಂಗಳು ತಳ್ಳುವುದು ಇನ್ನೊಂದು. ಅವನ ಹಣದಿಂದ ಬೇರೊಂದು ಚೀಟಿಯ ತೂತನ್ನು ಮುಚ್ಚುತ್ತಿರುವರೆಂದು ತಿಳಿಯಬೇಕು. ಆದರೆ ನಾವು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಕೊನೆಯ ತಿಂಗಳುಗಳ ಕೂಗನ್ನು. ಹದಿನೇಳನೆಯ ತಿಂಗಳಲ್ಲಿ ಉಳಿದಿರುವವರು ನಾಲ್ವರು. ಮೂರು ತಿಂಗಳು ಕಾದರೆ ಅವರಿಗೆ 95,000 ಬರುವುದು ಖಂಡಿತ. ಹೀಗಿದ್ದೂ ಒಬ್ಬನು 25,000 ಬಿಟ್ಟು ಎತ್ತಿದನೆಂದರೆ ಅವನು ಮಹಾ ಸಂಕಟದಲ್ಲಿರಬೇಕು. ಇಲ್ಲವೆ ಆ ಹೆಸರಿನ ಹಿಂದೆ ಫೋರ್ಮನನೇ ಇದ್ದು, ಹಣಕ್ಕಾಗಿ ಏನನ್ನಾದರೂ ಬಿಡಲು ಸಿದ್ಧನಾಗಿರಬೇಕು. ಆ ತಿಂಗಳು ಡಿವಿಡೆಂಡು ಹೆಚ್ಚಿತೆಂದು ಸದಸ್ಯರು ಹಿಗ್ಗುತ್ತಾರೆ.

ಸಂಶಯ ಬಂದವನು ಸುಮ್ಮನಿರಬೇಕಾದುದಿಲ್ಲ. ಪ್ರತಿ ಹರಾಜಿನ ನಡವಳಿಯನ್ನು ಬರೆದು ಹಾಜರಿದ್ದ ಸದಸ್ಯರ ರುಜು ಹಾಕಿಸಿ, ಅದರ ಪ್ರತಿಯನ್ನು 21 ದಿನಗಳೊಳಗೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕೆಂದು ಕಾಯಿದೆಯಲ್ಲಿದೆ. ಯಾರು ಎತ್ತಿದರು, ಎಷ್ಟು ಬಿಟ್ಟರು, ಹಣ ಸಂದಾಯವಾಯಿತೇ ಎಂಬುದೆಲ್ಲ ಆ ಕಾಗದದಿಂದ ಗೊತ್ತಾಗುತ್ತದೆ. ಕಂತು ಕಟ್ಟಿದ ರಸೀತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ನಮ್ಮ ಪೇಟೆಯ ಜನರು ಆ ನಡವಳಿಯನ್ನು ಒಮ್ಮೆಯೂ ಕೇಳಿ ನೋಡುವುದಿಲ್ಲ.